ಮುಳುಗು ಹಾಕುವ ಮುನ್ನ ಜೋರಾಗಿ ಉಸಿರಾಡಬೇಡಿ

ಕೆರೆ, ಬಾವಿ, ಈಜುಕೊಳಗಳಲ್ಲಿ ಹುಡುಗರ ಒಂದು ಪಂದ್ಯ ಇದ್ದೇ ಇರುತ್ತದೆ. ಯಾರು ಜಾಸ್ತಿ ಹೊತ್ತು ನೀರಿನೊಳಗೆ ಇರುತ್ತಾರೆ? ಮುಳುಗುವ ಮುಂಚೆ ಕೆಲವರು ಒಂದು ನಿಮಿಷ ರಭಸವಾಗಿ, ಆಳವಾಗಿ ಉಸಿರಾಡುತ್ತಾರೆ. ಮೈಯಲ್ಲಿ ಆಕ್ಸಿಜನ್ ತುಂಬಿಕೊಳ್ಳುತ್ತದೆ ಎಂಬ ನಂಬಿಕೆ. ಹಾಗೆ ಮಾಡಿದರೆ ನಿಜವಾಗಿಯೂ ಹೆಚ್ಚು ಹೊತ್ತು ತಡೆಯಬಹುದು. ಆದರೆ ಅದಕ್ಕೆ ಕಾರಣ ಬೇರೆಯೇ ಇದೆ, ಮತ್ತು ಆ ಕಾರಣವೇ ಜೀವ ತೆಗೆಯಬಲ್ಲದು.

ಉಸಿರು ಕಟ್ಟಿದಾಗ ಎದೆಯಲ್ಲಿ ಏಳುವ ತಳಮಳ ಆಕ್ಸಿಜನ್ ಕಡಿಮೆಯಾದುದರ ಸೂಚನೆ ಅಂತ ನಾವು ಅಂದುಕೊಳ್ಳುತ್ತೇವೆ. ಅದು ಹೆಚ್ಚಾಗಿ ಕಾರ್ಬನ್ ಡೈಆಕ್ಸೈಡ್ ಏರಿದ್ದರಿಂದ ಬರುತ್ತದೆ. ಆರೋಗ್ಯವಂತರ ಅಪಧಮನಿಯ ರಕ್ತದಲ್ಲಿ ಈ ಅನಿಲದ ಒತ್ತಡ ಸುಮಾರು 40 ಮಿಲಿಮೀಟರ್ ಪಾದರಸದಷ್ಟು ಇರುತ್ತದೆ. ಅದು ಬರೀ 2 ಮಿಲಿಮೀಟರ್ ಏರಿದರೆ ಸಾಕು, ಕೂತಲ್ಲೇ ಕೂತವರು ನಿಮಿಷಕ್ಕೆ ಎಳೆದುಕೊಳ್ಳುವ ಗಾಳಿ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. 1905ರಲ್ಲಿ ಶರೀರವಿಜ್ಞಾನಿಗಳಾದ ಹಾಲ್ಡೇನ್ ಮತ್ತು ಪ್ರೀಸ್ಟ್ಲಿ ಈ ಸೂಕ್ಷ್ಮತೆಯನ್ನು ತೋರಿಸಿಕೊಟ್ಟರು. ಆಕ್ಸಿಜನ್ ವಿಷಯದಲ್ಲಿ ದೇಹ ಇಷ್ಟು ಚುರುಕಲ್ಲ. ಅದರ ಒತ್ತಡ 100ರ ಆಸುಪಾಸಿನಿಂದ 60ರ ಹತ್ತಿರಕ್ಕೆ ಇಳಿಯುವವರೆಗೂ ಉಸಿರಾಟ ಹೆಚ್ಚೇನೂ ಬದಲಾಗುವುದಿಲ್ಲ.

ಈ ಲೆಕ್ಕ ನಡೆಯುವುದು ಮೆದುಳ ಕಾಂಡದ ಕೆಳಭಾಗದಲ್ಲಿ, ಮೆಡುಲ್ಲಾದಲ್ಲಿ. ಅಲ್ಲಿ ಪ್ರಿ-ಬಾಟ್ಸಿಂಗರ್ ಸಂಕೀರ್ಣ ಎಂಬ ನರಕೋಶಗಳ ಪುಟ್ಟ ಗುಂಪಿದೆ. ಉಸಿರೆಳೆಯುವ ತಾಳ ಹುಟ್ಟುವುದು ಅಲ್ಲಿಂದ. ಅದರ ಸಂದೇಶ ಬೆನ್ನುಹುರಿಗೆ ಇಳಿದು, ನರಗಳ ಮೂಲಕ ಎದೆ-ಹೊಟ್ಟೆಗಳ ನಡುವಿನ ಸ್ನಾಯುವಾದ ವಪೆಯನ್ನೂ ಪಕ್ಕೆಲುಬಿನ ಸ್ನಾಯುಗಳನ್ನೂ ತಲುಪುತ್ತದೆ. ಈ ತಾಳ ಎಷ್ಟು ಚುರುಕಾಗಬೇಕು ಎಂದು ತಿಳಿಸುವ ಕೆಲಸ ಕೀಮೋರಿಸೆಪ್ಟರ್‌ಗಳದ್ದು. ಇವು ರಾಸಾಯನಿಕ ಬದಲಾವಣೆಯನ್ನು ಗುರುತಿಸುವ ಕೋಶಗಳು. ಮುಖ್ಯವಾದವು ಮೆಡುಲ್ಲಾದ ಮುಂಭಾಗದ ಮೇಲ್ಮೈ ಹತ್ತಿರವೇ ಇವೆ.

ಇವು ಗಮನಿಸುವುದು ಹೆಚ್ಚಾಗಿ ಆಮ್ಲೀಯತೆಯನ್ನು. ರಕ್ತದಲ್ಲಿರುವ ಆಮ್ಲದ ಕಣಗಳು, ಅಂದರೆ ಹೈಡ್ರೋಜನ್ ಅಯಾನುಗಳು, ಮೆದುಳಿನ ರಕ್ತನಾಳಗಳ ಗೋಡೆಯನ್ನು ಸುಲಭವಾಗಿ ದಾಟಲಾರವು. ಕಾರ್ಬನ್ ಡೈಆಕ್ಸೈಡ್ ಸಲೀಸಾಗಿ ದಾಟುತ್ತದೆ. ಒಳಗೆ ನೀರಿನೊಂದಿಗೆ ಸೇರಿ ಕಾರ್ಬಾನಿಕ್ ಆಮ್ಲವಾಗುತ್ತದೆ. ಮೆದುಳಿನ ಸುತ್ತಲಿನ ದ್ರವದಲ್ಲಿ ಪ್ರೋಟೀನ್ ತೀರಾ ಕಡಿಮೆ. ಹಾಗಾಗಿ ಆಮ್ಲವನ್ನು ಹೀರಿಕೊಂಡು ಸಮ ಮಾಡುವ ಶಕ್ತಿ ಅದಕ್ಕೆ ರಕ್ತಕ್ಕಿಂತ ಕಡಿಮೆ. ಚೂರು ಕಾರ್ಬನ್ ಡೈಆಕ್ಸೈಡ್ ಹೆಚ್ಚಾದರೂ ಅಲ್ಲಿ ಗೊತ್ತಾಗಿಬಿಡುತ್ತದೆ. ಕಾರ್ಬನ್ ಡೈಆಕ್ಸೈಡ್‌ಗೆ ಉಸಿರಾಟ ತೋರುವ ಪ್ರತಿಕ್ರಿಯೆಯ ಬಹುಪಾಲು ಇಲ್ಲಿಂದಲೇ. ಉಳಿದದ್ದು ಕತ್ತಿನಲ್ಲಿ ಕ್ಯಾರೋಟಿಡ್ ಅಪಧಮನಿ ಕವಲೊಡೆಯುವಲ್ಲಿರುವ, ಅಕ್ಕಿಕಾಳಿನಷ್ಟು ಪುಟ್ಟ ಕ್ಯಾರೋಟಿಡ್ ಕಾಯಗಳಿಂದ. ಇವು ಬೇಗ ಸ್ಪಂದಿಸುತ್ತವೆ. ಆಕ್ಸಿಜನ್ ಕುಸಿದಾಗ ಎಚ್ಚರಿಸುವವೂ ಮುಖ್ಯವಾಗಿ ಇವೇ.

ಈಗ ಆ ಹುಡುಗನ ಕಡೆ ಬರೋಣ. ಜೋರಾಗಿ ಉಸಿರಾಡುವ ಮೊದಲೇ ಅವನ ರಕ್ತದ ಹಿಮೋಗ್ಲೋಬಿನ್ ಶೇಕಡಾ 97ರಷ್ಟು ಆಕ್ಸಿಜನ್ ಹೊತ್ತಿತ್ತು. ಇನ್ನು ತುಂಬಲು ಅಲ್ಲಿ ಜಾಗವೇ ಇಲ್ಲ. ಶ್ವಾಸಕೋಶದ ಗಾಳಿಯಲ್ಲಿ ಸ್ವಲ್ಪ ಹೆಚ್ಚಬಹುದು, ಅಷ್ಟೇ. ಕಾರ್ಬನ್ ಡೈಆಕ್ಸೈಡ್ ಮಾತ್ರ 40ರಿಂದ 20ರ ಹತ್ತಿರಕ್ಕೆ ಇಳಿದಿರಬಹುದು. ಬೆರಳು ಜುಮ್ಮೆನ್ನುವುದು, ತಲೆ ಹಗುರಾದಂತೆ ಅನ್ನಿಸುವುದು ಇದರ ಗುರುತು. ಭಸ್ತ್ರಿಕಾ ಪ್ರಾಣಾಯಾಮವನ್ನು ರಭಸವಾಗಿ ಮಾಡಿದವರಿಗೆ ಈ ಅನುಭವ ಹೊಸದಲ್ಲ. ಕಾರ್ಬನ್ ಡೈಆಕ್ಸೈಡ್ ಇಳಿದಾಗ ಮೆದುಳಿನ ರಕ್ತನಾಳಗಳು ಕಿರಿದಾಗಿ ಅಲ್ಲಿಗೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ.

ಹುಡುಗ ಮುಳುಗುತ್ತಾನೆ. ಸಾಮಾನ್ಯವಾಗಿ ಕಾರ್ಬನ್ ಡೈಆಕ್ಸೈಡ್ 50ರ ಸುತ್ತಮುತ್ತ ಬಂದಾಗ ತಡೆಯಲಾರದೆ ಮೇಲೆ ಬರುತ್ತೇವೆ. ಅವನು ತೀರಾ ಕೆಳಗಿನಿಂದ ಶುರು ಮಾಡಿದ್ದಾನೆ. ಆ ಮಟ್ಟ ಮುಟ್ಟಲು ತುಂಬಾ ಹೊತ್ತು ಬೇಕು. ಅಷ್ಟರಲ್ಲಿ ಈಜುವ ಸ್ನಾಯುಗಳು ಆಕ್ಸಿಜನ್ನನ್ನು ಬಳಸುತ್ತಲೇ ಇರುತ್ತವೆ. ಅದರ ಒತ್ತಡ 30ರ ಹತ್ತಿರ ಬಂದರೆ ಎಚ್ಚರ ತಪ್ಪುತ್ತದೆ. ಕ್ಯಾರೋಟಿಡ್ ಕಾಯಗಳು ಎಚ್ಚರಿಸುತ್ತವಲ್ಲ ಅಂದರೆ, ಕಾರ್ಬನ್ ಡೈಆಕ್ಸೈಡ್ ಕಡಿಮೆ ಇರುವಾಗ ಅವುಗಳ ಕರೆಯೂ ದುರ್ಬಲವಾಗುತ್ತದೆ. ತಳಮಳ ಜೋರಾಗುವ ಮುಂಚೆಯೇ ಪ್ರಜ್ಞೆ ಹೋಗಿರುತ್ತದೆ.

ಹೀಗಾದವರು ಕೈಕಾಲು ಬಡಿಯುವುದಿಲ್ಲ, ಕೂಗುವುದಿಲ್ಲ. ದಡದಲ್ಲಿದ್ದವರಿಗೆ ಅವನು ಪಂದ್ಯ ಗೆಲ್ಲುತ್ತಿದ್ದಾನೆ ಅಂತಲೇ ಕಾಣುತ್ತದೆ. ಚೆನ್ನಾಗಿ ಈಜು ಬಲ್ಲವರೂ ಎದೆಯುದ್ದದ ನೀರಿನಲ್ಲಿ ಹೀಗೆ ಸತ್ತಿದ್ದಾರೆ. ನೀರೊಳಗಿದ್ದವನ ಚಲನೆ ಸುಮ್ನೆ ನಿಂತರೆ ಕಾಯಬಾರದು, ತಕ್ಷಣ ಮೇಲೆತ್ತಬೇಕು. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಗಾಳಿ ಊದುವುದೇ ಮೊದಲ ಕೆಲಸ, ಏಕೆಂದರೆ ಅವನಿಗೆ ಕೊರತೆಯಾಗಿರುವುದು ಆಕ್ಸಿಜನ್. ಆಮೇಲೆ ಎದೆ ಒತ್ತುವುದನ್ನು ಶುರು ಮಾಡಬೇಕು, ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು.