ಮೂರು ಸಲ ಮುಂದಕ್ಕೆ ಹೋದ ಭೇಟಿಗೆ ಕೊನೆಯ ದಿನಾಂಕವನ್ನು ಹೇಗೆ ಬರೆಯಬೇಕು?

ಪ್ರಶ್ನೆ: ಗಂಗಾವತಿಯಲ್ಲಿ ನಮ್ಮದೊಂದು ರೈಸ್ ಮಿಲ್ ಇದೆ. ಕಳೆದ ವರ್ಷ ಅಕ್ಟೋಬರ್ ಕೊನೆಗೆ ಕೂಡಿಸಿದ, ಬಣ್ಣ ನೋಡಿ ಕೆಟ್ಟ ಕಾಳನ್ನು ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರವು ಈ ಆಗಸ್ಟ್‌ನಿಂದ ಕಪ್ಪು ಕಾಳಿನ ಜೊತೆಗೆ ಒಳ್ಳೆಯ ಅಕ್ಕಿಯನ್ನೂ ರಿಜೆಕ್ಟ್ ಚೀಲಕ್ಕೆ ತಳ್ಳುತ್ತಿದೆ. ಯಂತ್ರ ಕೊಟ್ಟವರ ಹುಬ್ಬಳ್ಳಿ ಶಾಖೆಯವರು ಬಂದು ನೋಡುತ್ತೇವೆಂದು ಹೇಳಿ ಮೊದಲು ಗಣೇಶನ ಹಬ್ಬ, ಆಮೇಲೆ ಬೇರೆ ಊರಿನ ಕೆಲಸ, ಈಗ ದಸರಾ ಎಂದು ಮೂರು ಸಲ ಮುಂದೂಡಿದ್ದಾರೆ. ವಾರಂಟಿ ಅಕ್ಟೋಬರ್ 31ಕ್ಕೆ ಮುಗಿಯುತ್ತದೆ. ಬಿಡಿಭಾಗಗಳಿಗೆ ಮುಂದೆಯೂ ಅವರನ್ನೇ ಕೇಳಬೇಕಾದ್ದರಿಂದ ಮನಸ್ತಾಪವೂ ಬೇಡ. ಗಟ್ಟಿಯಾಗಿಯೂ ಮರ್ಯಾದೆಯಿಂದಲೂ ಇಮೇಲ್ ಬರೆಯುವುದು ಹೇಗೆ?

ಉತ್ತರ: ಬರೆಯಲು ಕೂರುವ ಮೊದಲು, ತಮ್ಮ ಮನಸ್ಸಿನಲ್ಲಿ ಒಂದಾಗಿ ಬೆರೆತಿರುವ ಎರಡು ದಿನಾಂಕಗಳನ್ನು ಬೇರ್ಪಡಿಸಿಕೊಳ್ಳಬೇಕು. ದೂರು ಕೊಟ್ಟ ದಿನಾಂಕ ಒಂದು, ಭೇಟಿಯ ದಿನಾಂಕ ಇನ್ನೊಂದು. ಇಂಜಿನಿಯರ್ ಬಂದು ನೋಡಿದ ಮೇಲೆಯೇ ದೂರು ದಾಖಲಾಗುತ್ತದೆ ಎಂದು ಭಾವಿಸಿ ಕಾದವರು, ಭೇಟಿಯೊಂದಿಗೆ ವಾರಂಟಿಯನ್ನೂ ಮುಂದೂಡುವವರ ಕೈಗೆ ಕೊಟ್ಟಂತಾಗುತ್ತದೆ. ಇದುವರೆಗಿನ ಮಾತೆಲ್ಲ ಫೋನಿನಲ್ಲಿ ನಡೆದಿದ್ದರೆ, ನವೆಂಬರ್ ಮೊದಲ ವಾರ ಅವರು ವಾರಂಟಿ ಅವಧಿಯಲ್ಲಿ ಬರಹದ ದೂರೇ ಬಂದಿಲ್ಲವೆಂದು ಹೇಳಿದರೆ ತಮ್ಮ ಬಳಿ ತೋರಿಸಲು ಏನೂ ಇರುವುದಿಲ್ಲ. ಆದ್ದರಿಂದ ಈ ಇಮೇಲ್ ಭೇಟಿಗೆ ಕೊನೆಯ ದಿನಾಂಕವನ್ನು ಕೊಡುವುದಷ್ಟೇ ಅಲ್ಲ, ಭೇಟಿ ನಡೆಯಲಿ ಬಿಡಲಿ, ದೋಷವನ್ನು ಇಂದಿನ ತಾರೀಖಿನಲ್ಲಿ ದಾಖಲಿಸಲೂಬೇಕು.

ಇನ್ನು ಭಾಷೆಯ ವಿಷಯ. ನಮ್ಮ ಕಡೆ ಮರ್ಯಾದೆಯಿಂದ ಬರೆಯಲು ಹೊರಟವರು ಸಾಮಾನ್ಯವಾಗಿ ದಿನಾಂಕವನ್ನೇ ಸಡಿಲಗೊಳಿಸಿಬಿಡುತ್ತಾರೆ: "ತಮಗೆ ಅನುಕೂಲವಾದಾಗ", "ಆದಷ್ಟು ಬೇಗ", "ಸಾಧ್ಯವಾದರೆ ಮುಂದಿನ ವಾರ". ಇವು ಸೌಜನ್ಯದ ಮಾತುಗಳಂತೆ ಕಂಡರೂ ಓದುವವರಿಗೆ ಮತ್ತೊಮ್ಮೆ ಮುಂದೂಡಲು ಕೊಟ್ಟ ಅನುಮತಿಯೇ ಆಗಿರುತ್ತವೆ. ಕನ್ನಡದಲ್ಲಿ ಮರ್ಯಾದೆ ತೋರಿಸಲು ದಿನಾಂಕವನ್ನು ತೆರೆದಿಡುವ ಅಗತ್ಯವೇ ಇಲ್ಲ, ಏಕೆಂದರೆ "ತಾವು" ಎಂಬ ಸಂಬೋಧನೆಯಲ್ಲಿಯೂ "ಬರಬೇಕಾಗಿ ವಿನಂತಿ" ಎಂಬ ಕ್ರಿಯಾಪದದಲ್ಲಿಯೂ ಅದು ಆಗಲೇ ತುಂಬಿರುತ್ತದೆ. ಅಲ್ಲಿ ಎಷ್ಟು ಬೇಕಾದರೂ ಬಾಗಬಹುದು. ದಿನ, ವೇಳೆ, ಸ್ಥಳಗಳಲ್ಲಿ ಬಾಗಬಾರದು.

ಹಳೆಯ ಮುಂದೂಡಿಕೆಗಳನ್ನು ಹೇಳುವಾಗಲೂ ಕ್ರಿಯಾಪದವೇ ನೆರವಿಗೆ ಬರುತ್ತದೆ. "ತಾವು ಮೂರು ಬಾರಿ ಮುಂದೂಡಿದ್ದೀರಿ" ಎಂದರೆ ಅದು ಆರೋಪ, ಅದಕ್ಕೆ ಸಮರ್ಥನೆಯ ಉತ್ತರವೇ ಬರುತ್ತದೆ. "ಭೇಟಿಯು ಮೂರು ಬಾರಿ ಮುಂದಕ್ಕೆ ಹೋಗಿದೆ" ಎಂದು ತಾರೀಖುಗಳ ಸಮೇತ ಬರೆದರೆ ಅದು ಬರೀ ದಾಖಲೆ. ಕಾರಣಗಳನ್ನು ಬರೆಯಬೇಕಾಗಿಲ್ಲ. ಹಬ್ಬಗಳ ಹೆಸರನ್ನು ಸಾಲಾಗಿ ಬರೆದರೆ ಅಣಕಿಸಿದಂತೆ ಕೇಳಿಸುತ್ತದೆ, ಮೇಲಾಗಿ ಹಬ್ಬ ಮಾಡಿದವರನ್ನು ತಪ್ಪಿತಸ್ಥರೆಂದು ಯಾರೂ ಹೇಳುವುದಿಲ್ಲ.

ಕೊನೆಯ ದಿನಾಂಕಕ್ಕೆ ತಮ್ಮ ಸಿಟ್ಟಿನ ಹೊರಗಿನದೊಂದು ಕಾರಣ ಬೇಕು. ತಮಗೆ ಅಂಥ ಕಾರಣಗಳು ಎರಡಿವೆ. ವಾರಂಟಿಯ ಮುಕ್ತಾಯ ಒಂದು. ತುಂಗಭದ್ರಾ ಅಚ್ಚುಕಟ್ಟಿನ ಮುಂಗಾರು ಭತ್ತ ನವೆಂಬರ್‌ನಿಂದ ಮಿಲ್ಲಿಗೆ ಬರಲಾರಂಭಿಸಿದರೆ ಯಂತ್ರವನ್ನು ಅರ್ಧ ದಿನ ನಿಲ್ಲಿಸಿ ತೋರಿಸುವುದು ಕಷ್ಟವೆಂಬುದು ಇನ್ನೊಂದು. ಇವೆರಡೂ ಅವರಿಗೆ ಗೊತ್ತಿರುವ ಸಂಗತಿಗಳಾದ್ದರಿಂದ ದಿನಾಂಕವನ್ನು ಹಟದಿಂದ ಇಟ್ಟದ್ದೆಂದು ಅವರು ಹೇಳಲಾರರು. 2025ರ ಅಕ್ಟೋಬರ್ 20ರಿಂದ 22ರವರೆಗೆ ದೀಪಾವಳಿ ಇರುವುದರಿಂದ ಮುಂದಿನ ನೆಪ ಯಾವುದೆಂಬುದು ಈಗಲೇ ಗೊತ್ತಿದೆ. ಹಾಗಾಗಿ ಭೇಟಿಯನ್ನು ಅದಕ್ಕೂ ಮೊದಲೇ ಇಡಬೇಕು. ಒಂದೇ ದಿನವನ್ನು ಕೊಟ್ಟರೆ "ಆ ದಿನ ಆಗುವುದಿಲ್ಲ" ಎಂಬ ಒಂದು ಮಾತಿಗೆ ಪತ್ರ ಬಿದ್ದುಹೋಗುತ್ತದೆ, ನಾಲ್ಕೈದು ಕೊಟ್ಟರೆ ಅದು ಕೊನೆಯದೆಂದು ಅನಿಸುವುದಿಲ್ಲ. ಎರಡು ಸಾಕು. ಅವೆರಡರಲ್ಲಿ ಯಾವುದೆಂದು ತಿಳಿಸಲು ಬೇರೊಂದು ಗಡುವನ್ನೂ ಕೊಡಬೇಕು, ಇಲ್ಲವಾದರೆ ಮೊದಲ ದಿನದ ಬೆಳಿಗ್ಗೆಯವರೆಗೂ ತಾವು ಬಾಗಿಲು ನೋಡುತ್ತ ಕೂರಬೇಕಾಗುತ್ತದೆ.

ಬಂದೇ ಬಂದರೂ ಯಾರು ಬರಬೇಕೆಂಬುದನ್ನು ಬಹಳ ಜನ ಬರೆಯುವುದಿಲ್ಲ. ನಿರ್ಧಾರ ತೆಗೆದುಕೊಳ್ಳಲಾಗದ ಹುಡುಗನೊಬ್ಬನನ್ನು ಕಳಿಸಿ, "ಮೇಲಿನವರಿಗೆ ಹೇಳುತ್ತೇನೆ" ಎನ್ನಿಸುವುದು ಮುಂದೂಡಿಕೆಯ ನಾಲ್ಕನೆಯ ರೂಪ. ಹಾಗೆಯೇ ಅವರು ಮೊದಲು ಹೇಳುವ ಮಾತನ್ನೂ ಪತ್ರದಲ್ಲಿಯೇ ಎದುರುಗೊಳ್ಳಬೇಕು. ಕಾಳನ್ನು ಹೊರತಳ್ಳುವುದು ಗಾಳಿಯ ಒತ್ತಡವಾದ್ದರಿಂದ, "ನಿಮ್ಮ ಕಂಪ್ರೆಸರ್ ಗಾಳಿಯಲ್ಲಿ ನೀರಿದೆ, ದೋಷ ನಮ್ಮ ಯಂತ್ರದ್ದಲ್ಲ" ಎನ್ನುವುದು ಈ ಯಂತ್ರಗಳ ವಿಚಾರದಲ್ಲಿ ಸಾಮಾನ್ಯ, ಕೆಲವೊಮ್ಮೆ ನಿಜವೂ ಹೌದು. ಗಾಳಿ ಮಾರ್ಗವನ್ನೂ ಅಂದೇ ನೋಡೋಣವೆಂದು ತಾವೇ ಬರೆದರೆ ಎರಡನೆಯ ಭೇಟಿಯ ಅಗತ್ಯ ಹುಟ್ಟುವುದಿಲ್ಲ.

ಇವೆಲ್ಲವನ್ನೂ ಸೇರಿಸಿದರೆ ಪತ್ರ ಹೀಗಾಗುತ್ತದೆ. ಸೋಮವಾರ, 6 ಅಕ್ಟೋಬರ್ 2025ರ ಬೆಳಿಗ್ಗೆ ಕಳಿಸುವುದೆಂದು ಇಟ್ಟುಕೊಂಡಿದ್ದೇನೆ. ಅಕ್ಕಿಯ ತೂಕವನ್ನು ಮಾದರಿಗಾಗಿ ಬರೆದಿದ್ದೇನೆ, ತಾವು ತೂಗಿ ನಿಜವಾದ ಅಂಕಿಯನ್ನು ಹಾಕಬೇಕು.

ವಿಷಯ: ಸಾರ್ಟೆಕ್ಸ್ ಯಂತ್ರದ ದೋಷ – ಜಂಟಿ ಪರಿಶೀಲನೆಗೆ ಅಕ್ಟೋಬರ್ 14 ಅಥವಾ 16, 10ರೊಳಗೆ ಖಚಿತಪಡಿಸಲು ವಿನಂತಿ

ಮಾನ್ಯರೇ,

ತಮ್ಮಿಂದ ಖರೀದಿಸಿ 31 ಅಕ್ಟೋಬರ್ 2024ರಂದು ಕೂಡಿಸಲಾದ ನಮ್ಮ ಸಾರ್ಟೆಕ್ಸ್ ಯಂತ್ರದ ಎರಡನೆಯ ಚ್ಯೂಟ್, ಕಳೆದ ಆಗಸ್ಟ್‌ನಿಂದ ಒಳ್ಳೆಯ ಅಕ್ಕಿಯನ್ನು ರಿಜೆಕ್ಟ್‌ಗೆ ಹಾಕುತ್ತಿದೆ. ಅಕ್ಟೋಬರ್ 4ರಂದು ರಿಜೆಕ್ಟ್ ಚೀಲದಿಂದ ತೆಗೆದ 1 ಕೆ.ಜಿ. ಮಾದರಿಯಲ್ಲಿ 400 ಗ್ರಾಂ ಒಳ್ಳೆಯ ಅಕ್ಕಿ ಇತ್ತು. ಚಿತ್ರಗಳನ್ನೂ ಯಂತ್ರ ಕೂಡಿಸಿದ ದಿನದ ವರದಿಯನ್ನೂ ಲಗತ್ತಿಸಿದ್ದೇವೆ. ವಾರಂಟಿ ಅವಧಿಯೊಳಗಿನ ದೂರೆಂದು ಇದನ್ನು ಇಂದೇ ದಾಖಲಿಸಿಕೊಂಡು ದೂರಿನ ಸಂಖ್ಯೆಯನ್ನು ತಿಳಿಸಬೇಕಾಗಿ ವಿನಂತಿ.

ಪರಿಶೀಲನೆಗೆಂದು ಆಗಸ್ಟ್ 28, ಸೆಪ್ಟೆಂಬರ್ 10 ಮತ್ತು ಸೆಪ್ಟೆಂಬರ್ 24ರಂದು ನಿಗದಿಯಾಗಿದ್ದ ಭೇಟಿಯು ಮೂರು ಬಾರಿಯೂ ಮುಂದಕ್ಕೆ ಹೋಗಿದೆ. ವಾರಂಟಿಯು ಇದೇ 31ಕ್ಕೆ ಮುಗಿಯುವುದರಿಂದಲೂ, ನವೆಂಬರ್‌ನಲ್ಲಿ ಹೊಸ ಭತ್ತದ ಕೆಲಸ ಶುರುವಾದ ಮೇಲೆ ಯಂತ್ರವನ್ನು ನಿಲ್ಲಿಸುವುದು ಕಷ್ಟವಾಗುವುದರಿಂದಲೂ, ಮಂಗಳವಾರ, ಅಕ್ಟೋಬರ್ 14ರ ಬೆಳಿಗ್ಗೆ 11 ಗಂಟೆ ಅಥವಾ ಗುರುವಾರ, ಅಕ್ಟೋಬರ್ 16ರ ಬೆಳಿಗ್ಗೆ 11 ಗಂಟೆ, ಈ ಎರಡರಲ್ಲಿ ಒಂದನ್ನು ಅಂತಿಮ ದಿನವೆಂದು ಇಟ್ಟುಕೊಂಡಿದ್ದೇವೆ. ಯಾವುದು ಅನುಕೂಲವೆಂದು ಶುಕ್ರವಾರ, ಅಕ್ಟೋಬರ್ 10ರ ಸಂಜೆ 5 ಗಂಟೆಯೊಳಗೆ ಈ ಇಮೇಲ್‌ಗೆ ಉತ್ತರವಾಗಿ ತಿಳಿಸಬೇಕಾಗಿ ವಿನಂತಿ.

ದುರಸ್ತಿ ಅಥವಾ ಬಿಡಿಭಾಗ ಬದಲಾವಣೆಯ ಬಗ್ಗೆ ಸ್ಥಳದಲ್ಲಿಯೇ ತೀರ್ಮಾನ ಹೇಳಬಲ್ಲವರು ಬರಬೇಕೆಂದು ಕೋರುತ್ತೇವೆ. ಅಂದು ಯಂತ್ರವನ್ನು ಅರ್ಧ ದಿನ ಖಾಲಿ ಇಡುತ್ತೇವೆ; ಕಂಪ್ರೆಸರ್ ಮತ್ತು ಗಾಳಿ ಮಾರ್ಗದ ಒತ್ತಡವನ್ನೂ ಜೊತೆಗೇ ನೋಡಬಹುದು. ಕೊಪ್ಪಳ ರೈಲು ನಿಲ್ದಾಣಕ್ಕೆ ನಮ್ಮ ವಾಹನ ಬರುತ್ತದೆ.

16ರೊಳಗೆ ಭೇಟಿ ಆಗದಿದ್ದರೆ, ಅಕ್ಟೋಬರ್ 17ರಂದು ಯಂತ್ರವನ್ನು ಬಿಚ್ಚದೆ, ಅದು ನಡೆಯುವ ರೀತಿಯನ್ನು ವಿಡಿಯೊ ಮಾಡಿಸಿ, ವಾರಂಟಿಯಂತೆ ದುರಸ್ತಿಗೆ ತಮ್ಮ ಪ್ರಧಾನ ಕಚೇರಿಗೆ ಬರಹದ ಬೇಡಿಕೆ ಕಳಿಸುತ್ತೇವೆ. ಅಲ್ಲಿಯವರೆಗೆ ಹೋಗದೆ ತಮ್ಮ ಮಟ್ಟದಲ್ಲಿಯೇ ಇದು ಬಗೆಹರಿಯಲೆಂದು ನಮ್ಮ ಅಪೇಕ್ಷೆ. ಈವರೆಗಿನ ವಿಳಂಬದಿಂದಾದ ನಷ್ಟದ ಬಗ್ಗೆ ನಮಗಿರುವ ಹಕ್ಕನ್ನು ಉಳಿಸಿಕೊಂಡೇ ಈ ಹೊಸ ದಿನಾಂಕಗಳನ್ನು ಸೂಚಿಸಿದ್ದೇವೆ.

ಇಂತಿ ತಮ್ಮ ವಿಶ್ವಾಸಿಗಳು

ಕೊನೆಯ ವಾಕ್ಯ ವಕೀಲರ ಮಾತಿನಂತೆ ಕಾಣಬಹುದು, ಆದರೆ ಅದನ್ನು ತೆಗೆಯಬೇಡಿ. ಕಾಲಮಿತಿಯೇ ಮುಖ್ಯವಾಗಿರುವ ಕರಾರಿನಲ್ಲಿ ತಡವಾಗಿ ಬಂದ ಕೆಲಸವನ್ನು ಒಪ್ಪಿಕೊಳ್ಳುವವರು, ಒಪ್ಪುವಾಗಲೇ ನಷ್ಟ ಕೇಳುವ ಉದ್ದೇಶವನ್ನು ತಿಳಿಸದಿದ್ದರೆ, ಆಮೇಲೆ ಆ ವಿಳಂಬದ ನಷ್ಟವನ್ನು ಕೇಳಲಾಗದೆಂದು 1872ರ ಭಾರತೀಯ ಕರಾರು ಕಾಯಿದೆಯ 55ನೇ ಕಲಮು ಹೇಳುತ್ತದೆ. ತಮ್ಮ ಖರೀದಿ ಆ ಬಗೆಯ ಕರಾರೇ ಎಂಬುದನ್ನು ಕಾಗದಪತ್ರ ನೋಡಿಯೇ ಹೇಳಬೇಕು. ಆದರೂ ಒಂದು ಸಾಲು ಬರೆದಿಡುವುದರಿಂದ ಕಳೆದುಕೊಳ್ಳುವುದೇನೂ ಇಲ್ಲ.

"ಯಂತ್ರವನ್ನು ಬಿಚ್ಚದೆ" ಎಂಬ ಮಾತಿಗೂ ಕಾರಣವಿದೆ. ಸಿಟ್ಟಿನಲ್ಲಿ "ನೀವು ಬರದಿದ್ದರೆ ಹೊರಗಿನವರಿಂದ ರಿಪೇರಿ ಮಾಡಿಸಿ ಬಿಲ್ ಕಳಿಸುತ್ತೇವೆ" ಎಂದು ಬರೆಯುವವರಿದ್ದಾರೆ. ಹೊರಗಿನವರು ಯಂತ್ರಕ್ಕೆ ಕೈ ಹಾಕಿದರೆ ವಾರಂಟಿ ರದ್ದಾಗುತ್ತದೆಂಬ ಷರತ್ತು ಇಂಥ ಯಂತ್ರಗಳ ಕಾಗದದಲ್ಲಿ ಹಲವು ಬಾರಿ ಇರುತ್ತದೆ. ಹಾಗಿದ್ದರೆ ಆ ಬೆದರಿಕೆಯನ್ನು ನಡೆಸಿದ ದಿನವೇ ತಮ್ಮ ಹಕ್ಕು ತಮ್ಮ ಕೈಯಿಂದಲೇ ಹೋಗುತ್ತದೆ. ಗಡುವು ಮೀರಿದರೆ ಮಾಡುತ್ತೇವೆಂದು ಬರೆದದ್ದು ಮರುದಿನ ಬೆಳಿಗ್ಗೆ ನಿಜವಾಗಿಯೂ ಮಾಡಬಲ್ಲಂಥದ್ದು ಆಗಿರಬೇಕು, ಮಾಡಿದರೆ ತಮಗೇ ಪೆಟ್ಟು ಬೀಳಬಾರದು. "ಉತ್ತರ ಬಾರದಿದ್ದರೆ ತಾವು ಒಪ್ಪಿದ್ದೀರೆಂದು ಭಾವಿಸುತ್ತೇವೆ" ಎಂಬ ಸಾಲನ್ನೂ ಬಿಟ್ಟಿದ್ದೇನೆ. ಮೌನವಾಗಿರುವವರು ಬರುತ್ತಾರೆಂದು ತಾವು ಭಾವಿಸಿದ ಮಾತ್ರಕ್ಕೆ ಅವರು ಬರುವುದಿಲ್ಲ, ಕಾನೂನಿನ ಕಣ್ಣಿಗೂ ಬರೀ ಮೌನ ಸಾಮಾನ್ಯವಾಗಿ ಒಪ್ಪಿಗೆ ಎನಿಸುವುದಿಲ್ಲ.

ಕಳಿಸುವಾಗ ಹೊಸ ಇಮೇಲ್ ತೆರೆಯದೆ, ಹಿಂದಿನ ಯಾವುದಾದರೂ ಇಮೇಲ್ ಇದ್ದರೆ ಅದಕ್ಕೇ ಉತ್ತರವಾಗಿ ಕಳಿಸಿ, ಹಿಂದಿನ ತಾರೀಖುಗಳು ಕೆಳಗೆ ತಾವಾಗಿಯೇ ಕಾಣುತ್ತವೆ. ಶಾಖೆಯವರ ಮೇಲಿನ ಅಧಿಕಾರಿಗೆ ಈ ಸಲವೇ ಪ್ರತಿ ಹಾಕಬೇಕೆ ಎಂಬುದರಲ್ಲಿ ನನ್ನ ಅಭಿಪ್ರಾಯ, ಬೇಡ. ಪ್ರಧಾನ ಕಚೇರಿಗೆ ಬರೆಯುತ್ತೇವೆಂದು ಹೇಳಿ ಆಗಲೇ ಅವರಿಗೂ ಕಳಿಸಿದರೆ ಮುಂದೆ ಹೇಳಲು ಏನೂ ಉಳಿಯುವುದಿಲ್ಲ, ಹುಬ್ಬಳ್ಳಿಯವರಿಗೆ ಮುಖ ಉಳಿಸಿಕೊಳ್ಳಲು ದಾರಿಯೂ ಇರುವುದಿಲ್ಲ. ಕಳಿಸಿದ ಮೇಲೆ ವಾಟ್ಸ್‌ಆ್ಯಪ್‌ನಲ್ಲಿ "ಇಮೇಲ್ ಕಳಿಸಿದ್ದೇವೆ, ದಯವಿಟ್ಟು ನೋಡಿ" ಎಂದಷ್ಟೇ ಹಾಕಿ. ವಿಷಯವನ್ನು ಅಲ್ಲಿ ಮತ್ತೆ ಬರೆದರೆ ಚರ್ಚೆ ಅಲ್ಲಿಗೇ ಹೋಗುತ್ತದೆ.

ಹೆಚ್ಚಾಗಿ ಉತ್ತರ ಬರಹದಲ್ಲಿ ಬರುವುದಿಲ್ಲ, ಫೋನಿನಲ್ಲಿ ಬರುತ್ತದೆ: "ಅಣ್ಣಾ, ಇಷ್ಟೆಲ್ಲ ಬರೆಯಬೇಕಿತ್ತೇ, ದೀಪಾವಳಿ ಮುಗಿದ ಕೂಡಲೇ ನಾನೇ ಬರುತ್ತೇನೆ." ಆಗ ಮಾತಿಗೆ ಮಾತು ಬೆಳೆಸದೆ, ಹಬ್ಬಕ್ಕೆ ಶುಭಾಶಯ ಹೇಳಿ ಫೋನ್ ಇಟ್ಟು, ಹತ್ತು ನಿಮಿಷದೊಳಗೆ ಅದೇ ಇಮೇಲ್‌ನ ಕೆಳಗೆ ಎರಡು ಸಾಲು ಬರೆಯಿರಿ: "ದೀಪಾವಳಿಯ ನಂತರ ಬರುವುದಾಗಿ ತಾವು ಈಗ ಫೋನಿನಲ್ಲಿ ತಿಳಿಸಿದಿರಿ. 14 ಮತ್ತು 16ರ ದಿನಾಂಕಗಳು ಹಾಗೆಯೇ ಇವೆ. ಅವುಗಳಲ್ಲಿ ಬರಲಾಗದಿದ್ದರೆ 17ರಂದು ನಮ್ಮ ಬೇಡಿಕೆ ಹೋಗುತ್ತದೆ, ಅದರ ನಂತರ ತಾವು ಯಾವ ದಿನ ಬಂದರೂ ಸ್ವಾಗತವಿದೆ." ಆಮೇಲೆ 17ರ ಬೆಳಿಗ್ಗೆ ಅದನ್ನು ಕಳಿಸಿಬಿಡಿ.