ಗೆರೆ ಎಲ್ಲಿ ಮುಗಿಯುತ್ತದೆ? ಶಿಲಾಗೋಳದ ಪಾಠಕ್ಕೆ ಚಿತ್ರ, ನಕ್ಷೆಗಳ ಅಭ್ಯಾಸ ಹಾಳೆ

ಶಿಲಾಗೋಳದ ಪಾಠದಲ್ಲಿ ಓದುವುದಕ್ಕಿಂತ ನೋಡುವುದೇ ಜಾಸ್ತಿ. ಭೂಮಿಯ ಒಳರಚನೆ, ಜ್ವಾಲಾಮುಖಿಯನ್ನು ಸೀಳಿ ತೋರಿಸುವ ಚಿತ್ರ, ಭೂಕಂಪನಾಭಿ, ಕೊನೆಗೆ ಜ್ವಾಲಾಮುಖಿಗಳ ಪ್ರಪಂಚ ನಕ್ಷೆ. ಇವಕ್ಕೆ ಅಭ್ಯಾಸ ಹಾಳೆ ಮಾಡುವಾಗ ನಾವು ಹೆಚ್ಚಿನವರು ಹಿಡಿಯುವ ದಾರಿ ಒಂದೇ. ಪುಸ್ತಕದ ಚಿತ್ರವನ್ನು ಜೆರಾಕ್ಸ್ ಮಾಡುವುದು, ಹೆಸರುಗಳ ಮೇಲೆ ವೈಟ್ನರ್ ಹಚ್ಚುವುದು, ಮತ್ತೆ ಜೆರಾಕ್ಸ್ ಮಾಡಿ ಹಂಚುವುದು. ಕೆಲಸ ಬೇಗ ಮುಗಿಯುತ್ತದೆ. ಆದರೆ ಆ ಹಾಳೆ ಎಷ್ಟೋ ಸಲ ಕೇಳಬೇಕಾದ ಪ್ರಶ್ನೆಯನ್ನು ಕೇಳುವುದೇ ಇಲ್ಲ.

ಪುಸ್ತಕದ ಚಿತ್ರದಲ್ಲಿ ಹೆಸರು ಪಕ್ಕದಲ್ಲೇ ಇರುತ್ತದೆ. ಹೆಸರಿನಿಂದ ಚಿತ್ರಕ್ಕೆ ಎಳೆದ ಗೆರೆ ಸ್ವಲ್ಪ ಅತ್ತಿತ್ತ ಆದರೂ ಓದುವವರಿಗೆ ಅರ್ಥವಾಗುತ್ತದೆ. ಹೆಸರು ಅಳಿಸಿದ ಕೂಡಲೇ ಆ ಗೆರೆಯೇ ಪ್ರಶ್ನೆಯಾಗಿ ಉಳಿಯುತ್ತದೆ. ಅದರ ತುದಿ ಎಲ್ಲಿ ಮುಟ್ಟುತ್ತದೋ ಅದನ್ನೇ ಮಕ್ಕಳು ಉತ್ತರಿಸಬೇಕು. ಹಾಗಾಗಿ ಹಳೆಯ ಗೆರೆಗಳನ್ನೂ ಹೆಸರಿನ ಜೊತೆಗೇ ಅಳಿಸಿಬಿಡಿ, ಎಲ್ಲವನ್ನೂ ಹೊಸದಾಗಿ ಎಳೆಯಿರಿ ಅಂತ ನಾನು ಹೇಳುವುದು.

ಭೂಕಂಪದ ಚಿತ್ರವನ್ನೇ ತೆಗೆದುಕೊಳ್ಳೋಣ. ನೆಲದ ಆಳದಲ್ಲಿ ಒಂದು ಚುಕ್ಕೆ, ಅದು ಭೂಕಂಪನಾಭಿ. ಅದರ ಸುತ್ತ ಅಲೆಗಳನ್ನು ತೋರಿಸುವ ವೃತ್ತಗಳು. ನಾಭಿಯ ನೇರ ಮೇಲೆ, ನೆಲದ ಮೇಲ್ಮೈಯಲ್ಲಿರುವ ಬಿಂದು ಅಧಿಕೇಂದ್ರ. ನಾಭಿಯ ಹೆಸರನ್ನು ಚಿತ್ರದ ಬದಿಯಲ್ಲಿ ಬರೆದಿದ್ದರೆ, ಅದರ ಗೆರೆ ಅಷ್ಟೂ ಅಲೆಗಳನ್ನು ದಾಟಿಕೊಂಡು ಒಳಗೆ ಹೋಗಬೇಕು. ಗೆರೆ ಚುಕ್ಕೆಗೆ ಮುಟ್ಟದೆ ಒಂಚೂರು ಈಚೆಗೇ ನಿಂತರೂ ಸಾಕು, ಮಕ್ಕಳು ಅಲ್ಲಿ ‘ಭೂಕಂಪನ ಅಲೆಗಳು’ ಅಂತ ಬರೆಯುತ್ತಾರೆ. ಅದು ತಪ್ಪು ಅಂತ ಹೇಗೆ ಹೇಳುತ್ತೀರಿ? ಗೆರೆ ನಿಂತಿರುವುದೇ ಅಲೆಯ ಮೇಲೆ, ಅಲ್ವಾ? ಅಧಿಕೇಂದ್ರದ ಗತಿಯೂ ಅಷ್ಟೇ. ಅದರ ಗೆರೆ ನೆಲದ ಗೆರೆಗೆ ತಾಗದೆ ಮೇಲೆ ಬಿಡಿಸಿದ ಮನೆಯಲ್ಲೋ ಮರದಲ್ಲೋ ನಿಂತಿದ್ದರೆ ಪ್ರಶ್ನೆಯೇ ಇಲ್ಲದಂತಾಯಿತು.

ಗೆರೆ ಎಳೆಯುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ನಾನು ಕೇಳುತ್ತಿರುವುದು ಬಿಂದುವೋ, ಗೆರೆಯೋ, ಜಾಗವೋ? ನಾಭಿ, ಅಧಿಕೇಂದ್ರ ಇವು ಬಿಂದುಗಳು. ಸೂಚನೆಯ ಗೆರೆ ಚುಕ್ಕೆಯನ್ನೇ ಮುಟ್ಟಬೇಕು. ಸ್ತರಭಂಗ ಒಂದು ಗೆರೆ, ಅದಕ್ಕೆ ಬಾಣದ ತುದಿ ತಾಗಬೇಕು. ಮ್ಯಾಂಟಲ್ ಒಂದು ಜಾಗ. ಅದಕ್ಕೆ ಗೆರೆ ಒಳಗೆ ಹೋಗಿ, ನಡುಭಾಗದಲ್ಲಿ ಒಂದು ದಪ್ಪ ಚುಕ್ಕೆಯಲ್ಲಿ ಮುಗಿಯಬೇಕು. ಇಡೀ ಹಾಳೆಯಲ್ಲಿ ಬಾಣ ಅಂದರೆ ಗೆರೆ, ಚುಕ್ಕೆ ಅಂದರೆ ಜಾಗ ಅಥವಾ ಬಿಂದು ಅಂತ ಒಂದೇ ಪದ್ಧತಿ ಇಟ್ಟುಕೊಂಡರೆ ಮಕ್ಕಳಿಗೆ ಬೇಗ ಅಭ್ಯಾಸವಾಗುತ್ತದೆ.

ಈ ಪದ್ಧತಿ ನಿಜವಾಗಿ ಬೇಕಾಗುವುದು ಭೂಮಿಯ ಒಳರಚನೆಯ ಚಿತ್ರಕ್ಕೆ. ಅಲ್ಲಿ ಭೂಕವಚ, ಮ್ಯಾಂಟಲ್, ಹೊರ ಕೇಂದ್ರಗೋಳ, ಒಳ ಕೇಂದ್ರಗೋಳ ಇವು ಪದರಗಳು. ಮೊಹೊ ಮತ್ತು ಗುಟೆನ್‌ಬರ್ಗ್ ಇವು ಎರಡು ಪದರ ಸೇರುವ ಗಡಿಗಳು. ಭೂಕವಚ ಮತ್ತು ಮ್ಯಾಂಟಲ್ ನಡುವಿನದು ಮೊಹೊ. ಮ್ಯಾಂಟಲ್ ಮತ್ತು ಹೊರ ಕೇಂದ್ರಗೋಳದ ನಡುವಿನದು ಗುಟೆನ್‌ಬರ್ಗ್, ಸುಮಾರು 2,900 ಕಿ.ಮೀ. ಆಳದಲ್ಲಿ. ಪದರಕ್ಕೂ ಗಡಿಗೂ ಒಂದೇ ತರಹದ ಗೆರೆ ಎಳೆದರೆ ಮಗು ಗುಟೆನ್‌ಬರ್ಗ್ ಅನ್ನುವುದನ್ನೂ ಒಂದು ಪದರ ಅಂತಲೇ ತಿಳಿದುಕೊಳ್ಳುತ್ತದೆ.

ಇದೇ ಚಿತ್ರದಲ್ಲಿ ಇನ್ನೊಂದು ತೊಡಕಿದೆ. ಭೂಮಿಯ ತ್ರಿಜ್ಯ ಸುಮಾರು 6,371 ಕಿ.ಮೀ. ಹಾಳೆಯಲ್ಲಿ 10 ಸೆಂ.ಮೀ. ತ್ರಿಜ್ಯದ ವೃತ್ತ ಎಳೆದರೆ ಒಂದು ಮಿಲಿಮೀಟರ್ ಅಂದರೆ ಸುಮಾರು 64 ಕಿ.ಮೀ. ಖಂಡಗಳ ಕೆಳಗಿನ ಭೂಕವಚದ ಸರಾಸರಿ ದಪ್ಪ 35 ಕಿ.ಮೀ. ಆಸುಪಾಸು. ಅಂದರೆ ಅಳತೆಗೆ ಸರಿಯಾಗಿ ಬಿಡಿಸಿದರೆ ಇಡೀ ಭೂಕವಚ ಅರ್ಧ ಮಿಲಿಮೀಟರ್, ಪೆನ್ಸಿಲ್ ಗೆರೆಯಷ್ಟು ಮಾತ್ರ. ಅದರ ಒಳಗೆ ಚುಕ್ಕೆ ಇಡುವುದೂ ಆಗದು, ಮೊಹೊಗೆ ಬೇರೆ ಬಾಣ ಬಿಡುವುದೂ ಆಗದು. ಅದಕ್ಕೇ ಪುಸ್ತಕದ ಚಿತ್ರಗಳಲ್ಲಿ ಭೂಕವಚವನ್ನು ದಪ್ಪಗೆ ಬಿಡಿಸಿರುತ್ತಾರೆ. ಹಾಳೆಯಲ್ಲಿ ಹಾಗೇ ಬಿಟ್ಟರೆ ‘ಅಳತೆಗೆ ತಕ್ಕಂತಿಲ್ಲ’ ಅಂತ ಕೆಳಗೆ ಬರೆಯಬೇಕು. ನನಗೆ ಇಷ್ಟವಾಗುವುದು ಇನ್ನೊಂದು ದಾರಿ. ದೊಡ್ಡ ಚಿತ್ರವನ್ನು ಅಳತೆಗೆ ಸರಿಯಾಗಿ ಬಿಡಿಸಿ: ಮ್ಯಾಂಟಲ್‌ಗೆ ನಾಲ್ಕೂವರೆ ಸೆಂ.ಮೀ., ಹೊರ ಕೇಂದ್ರಗೋಳಕ್ಕೆ ಮೂರೂವರೆ, ಒಳ ಕೇಂದ್ರಗೋಳಕ್ಕೆ ಎರಡು ಸೆಂ.ಮೀ.ಗೆ ಒಂಚೂರು ಕಡಿಮೆ. ಮೇಲಿನ ಅಂಚಿನ ಒಂದು ತುಣುಕನ್ನು ಮಾತ್ರ ಪಕ್ಕದಲ್ಲಿ ಚೌಕದೊಳಗೆ ದೊಡ್ಡದು ಮಾಡಿ ತೋರಿಸಿ. ಭೂಕವಚ ಮತ್ತು ಮೊಹೊ ಎರಡನ್ನೂ ಆ ಚೌಕದಲ್ಲೇ ಕೇಳಿ.

ಜ್ವಾಲಾಮುಖಿಯ ಚಿತ್ರದಲ್ಲಿ ಬಣ್ಣವೇ ಕೈಕೊಡುತ್ತದೆ. ಶಿಲಾಪಾಕವೂ ಕೆಂಪು, ಲಾವಾವೂ ಕೆಂಪು. ವಸ್ತು ಒಂದೇ. ಭೂಮಿಯ ಒಳಗಿದ್ದಾಗ ಶಿಲಾಪಾಕ, ಹೊರಗೆ ಬಂದರೆ ಲಾವಾ. ಹಾಗಾಗಿ ಒಂದು ಗೆರೆ ಆಳದ ಕೋಣೆಯ ನಡುವೆ ನಿಲ್ಲಬೇಕು, ಇನ್ನೊಂದು ಹೊರ ಇಳಿಜಾರಿನಲ್ಲಿ ಹರಿಯುವ ಭಾಗದ ಮೇಲೆ. ಮೇಲಿನ ಬಾಯಿಯ ಹತ್ತಿರ ಯಾವ ಗೆರೆಯನ್ನೂ ಲಾವಾಕ್ಕೆ ಬಿಡಬೇಡಿ. ಅಲ್ಲಿ ಬಾಯಿ, ನಳಿಕೆ, ಲಾವಾ ಮೂರೂ ಒಂದರ ಮೇಲೊಂದು ಕೂತಿರುತ್ತವೆ. ಇನ್ನು ಬಣ್ಣದ ಚಿತ್ರವನ್ನು ನೇರ ಜೆರಾಕ್ಸ್ ಮಾಡಿದರೆ ಕೆಂಪೂ ಕಂದೂ ಹಸಿರೂ ಒಂದೇ ಬೂದು ಬಣ್ಣಕ್ಕೆ ತಿರುಗುತ್ತವೆ. ಚಿತ್ರದ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಹೊರಗೆರೆಗಳನ್ನಷ್ಟೇ ಕಪ್ಪು ಪೆನ್ನಿನಲ್ಲಿ ತೆಗೆಯುವುದು ವೈಟ್ನರ್ ಕೆಲಸಕ್ಕಿಂತ ಬೇಗ ಆಗುತ್ತದೆ, ಚೊಕ್ಕಟವಾಗಿಯೂ ಇರುತ್ತದೆ. ಸೂಚನೆಯ ಗೆರೆಗಳು ಚಿತ್ರದ ಗೆರೆಗಳಿಗಿಂತ ತೆಳ್ಳಗಿರಲಿ, ಒಂದನ್ನೊಂದು ದಾಟದಿರಲಿ. ಉತ್ತರ ಬರೆಯುವ ಜಾಗ ಎಲ್ಲದಕ್ಕೂ ಒಂದೇ ಉದ್ದ ಇರಲಿ. ಇಲ್ಲದಿದ್ದರೆ ಚಿಕ್ಕ ಜಾಗ ಕಂಡಲ್ಲೆಲ್ಲ ‘ಲಾವಾ’ ಬರುತ್ತದೆ.

ಈಗ ನಕ್ಷೆಗೆ ಬರೋಣ. ಪೆಸಿಫಿಕ್ ಸಾಗರದ ಸುತ್ತಲಿನ ಜ್ವಾಲಾಮುಖಿಗಳ ಸಾಲನ್ನು ಬೆಂಕಿಯ ಉಂಗುರ ಅಂತ ಕಲಿಸುತ್ತೇವೆ. ಆದರೆ ಸಾಮಾನ್ಯವಾಗಿ ಸಿಗುವ ಪ್ರಪಂಚ ನಕ್ಷೆಯ ನಡುವೆ ಆಫ್ರಿಕಾ ಮತ್ತು ಯುರೋಪ್ ಇರುತ್ತವೆ, ಪೆಸಿಫಿಕ್ ಎರಡು ತುಂಡಾಗಿ ಎಡ ಬಲದ ಅಂಚಿಗೆ ಹೋಗಿರುತ್ತದೆ. ಬಣ್ಣ ತುಂಬಿ ಅಂದರೆ ಮಕ್ಕಳು ಅಮೆರಿಕಗಳ ಪಶ್ಚಿಮ ಕರಾವಳಿಯಲ್ಲಿ ಒಂದು ಪಟ್ಟಿ, ಜಪಾನ್ ಕಡೆ ಇನ್ನೊಂದು ಪಟ್ಟಿ ತುಂಬುತ್ತಾರೆ. ಉಂಗುರ ಎಲ್ಲೂ ಕಾಣುವುದಿಲ್ಲ. ‘ಇದ್ಯಾಕೆ ಉಂಗುರ?’ ಅಂತ ಮಗು ಕೇಳಿದರೆ ತಪ್ಪು ನಕ್ಷೆಯದು.

ಇದಕ್ಕೆ ಕತ್ತರಿ, ಅಂಟು ಸಾಕು. ನಕ್ಷೆಯ ಒಂದು ಪ್ರತಿಯನ್ನು 30 ಡಿಗ್ರಿ ಪಶ್ಚಿಮ ರೇಖಾಂಶದ ಮೇಲೆ, ಅಟ್ಲಾಂಟಿಕ್ ನಡುವೆ, ಮೇಲಿಂದ ಕೆಳಗೆ ಕತ್ತರಿಸಿ. ಅಲ್ಲಿ ಬ್ರೆಜಿಲ್ ಕೂಡ ಎಡತುಂಡಿನಲ್ಲೇ ಪೂರ್ತಿ ಉಳಿಯುತ್ತದೆ. ಗ್ರೀನ್‌ಲ್ಯಾಂಡ್ ಮಾತ್ರ ಸ್ವಲ್ಪ ಕತ್ತರಿಗೆ ಸಿಗುತ್ತದೆ, ಈ ಪಾಠಕ್ಕೆ ಅದರಿಂದ ತೊಂದರೆಯಿಲ್ಲ. ಅಮೆರಿಕಗಳಿರುವ ಎಡತುಂಡನ್ನು ತೆಗೆದು ಬಲತುಂಡಿನ ಬಲಕ್ಕೆ ಅಂಟಿಸಿ. ಎರಡೂ ತುಂಡಿನ 180 ಡಿಗ್ರಿ ರೇಖೆ ಒಂದರ ಮೇಲೊಂದು ಕೂರಬೇಕು. ಕೆಲವು ನಕ್ಷೆಗಳು 180 ದಾಟಿ ರಷ್ಯಾದ ಪೂರ್ವ ತುದಿಯನ್ನು ಎರಡೂ ಅಂಚಿನಲ್ಲಿ ತೋರಿಸಿರುತ್ತವೆ. ಅಂಟಿಸುವ ಮೊದಲು ಒಂದು ಕಡೆಯದನ್ನು ಕತ್ತರಿಸದಿದ್ದರೆ ಆ ನೆಲ ಎರಡು ಸಲ ಬರುತ್ತದೆ. ಭೂಮಧ್ಯರೇಖೆ ನೇರವಾಗಿ ಮುಂದುವರಿದಿದೆಯಾ ನೋಡಿ. ಅದು ಮುರಿದಿದ್ದರೆ ಒಂದು ತುಂಡು ಮೇಲೋ ಕೆಳಗೋ ಜಾರಿದೆ.

ಹೀಗೆ ಮಾಡಿದ ನಕ್ಷೆಯಲ್ಲಿ ಎಷ್ಟು ಸೂಕ್ಷ್ಮವಾಗಿ ಕೇಳಬಹುದು ಅನ್ನುವುದಕ್ಕೂ ಮಿತಿ ಇದೆ. A4 ಹಾಳೆಯಲ್ಲಿ ನಕ್ಷೆ 25 ಸೆಂ.ಮೀ. ಅಗಲವಿದ್ದರೆ, ಭೂಮಧ್ಯರೇಖೆಯ 40,000 ಕಿ.ಮೀ. ಅಷ್ಟರಲ್ಲಿ ಹಿಡಿಯಬೇಕು. ಒಂದು ಮಿಲಿಮೀಟರ್‌ಗೆ 160 ಕಿ.ಮೀ. ಮಕ್ಕಳು ಪೆನ್ನಿನಲ್ಲಿ ಇಡುವ 3 ಮಿಲಿಮೀಟರ್ ಚುಕ್ಕೆ ಹೆಚ್ಚುಕಡಿಮೆ 500 ಕಿ.ಮೀ. ಜಾಗ ಮುಚ್ಚುತ್ತದೆ. ಕ್ರಕಟೋವಾ ಇರುವುದು ಸುಮಾತ್ರಾ ಮತ್ತು ಜಾವಾ ನಡುವಿನ ಸುಂಡಾ ಜಲಸಂಧಿಯಲ್ಲಿ. ಆ ಜಲಸಂಧಿಯೇ ಚುಕ್ಕೆಯೊಳಗೆ ಮುಳುಗಿಹೋಗುತ್ತದೆ. ಅದನ್ನು ‘ಗುರುತಿಸಿ’ ಅಂತ ಕೇಳಿ, ಚುಕ್ಕೆ ಜಾವಾ ಮೇಲೆ ಬಿತ್ತು ಅಂತ ಅಂಕ ಕಳೆಯುವುದು ನ್ಯಾಯವಲ್ಲ. ಪ್ರಪಂಚ ನಕ್ಷೆಯಲ್ಲಿ ನಾನು ಚುಕ್ಕೆಗಳನ್ನು ಮೊದಲೇ ಇಟ್ಟು, ಅ, ಆ, ಇ, ಈ ಅಂತ ಅಕ್ಷರ ಕೊಟ್ಟು, ಹೆಸರನ್ನಷ್ಟೇ ಕೇಳುತ್ತೇನೆ. ಫ್ಯೂಜಿ, ಕ್ರಕಟೋವಾ, ಕೊಟೊಪಾಕ್ಸಿ, ಜೊತೆಗೆ ಮೌನಾ ಲೋವಾ. ಮೌನಾ ಲೋವಾ ಬೇಕೆಂದೇ ಸೇರಿಸಿದ್ದು. ಅದು ಹವಾಯಿಯಲ್ಲಿ, ಉಂಗುರದ ಒಳಗೆ, ಸಾಗರದ ನಡುವೆ ಇದೆ. ಉಂಗುರದ ಮೇಲೆ ಇಲ್ಲ, ಫಲಕಗಳ ಅಂಚಿನಲ್ಲೂ ಇಲ್ಲ. ‘ಇವುಗಳಲ್ಲಿ ಬೆಂಕಿಯ ಉಂಗುರಕ್ಕೆ ಸೇರದ್ದು ಯಾವುದು?’ ಅನ್ನುವ ಒಂದೇ ಪ್ರಶ್ನೆ ನಕ್ಷೆಯನ್ನು ನೋಡಿ ಓದುವಂತೆ ಮಾಡುತ್ತದೆ.

ಹಾಳೆಯನ್ನು A3ಗೆ ದೊಡ್ಡದು ಮಾಡುವವರು ಒಂದು ವಿಷಯ ಗಮನಿಸಿ. ನಕ್ಷೆಯ ಕೆಳಗೆ ಅಳತೆಯನ್ನು ಅನುಪಾತದಲ್ಲಿ ಬರೆದಿದ್ದರೆ ಅದು ಆ ಕ್ಷಣವೇ ಸುಳ್ಳಾಗುತ್ತದೆ, ಏಕೆಂದರೆ ನಕ್ಷೆ 141 ಶೇಕಡಕ್ಕೆ ಹಿಗ್ಗಿದೆ, ಬರೆದ ಅಂಕಿ ಹಾಗೇ ಇದೆ. ಗೆರೆಯಲ್ಲಿ ತೋರಿಸಿದ ಅಳತೆಪಟ್ಟಿಯಾದರೆ ನಕ್ಷೆಯ ಜೊತೆಗೇ ಹಿಗ್ಗುತ್ತದೆ. ಅದನ್ನು ಉಳಿಸಿ, ಅನುಪಾತ ಅಳಿಸಿ.

ಮೊದಲ ಸಲದ ಹಾಳೆಗೆ ಪದಪಟ್ಟಿ ಕೊಡಬಹುದು. ಖಾಲಿ ಜಾಗ ಎಂಟಿದ್ದರೆ ಪದಗಳು ಹತ್ತಿರಲಿ. ಸಮ ಇದ್ದರೆ ಕೊನೆಯ ಉತ್ತರ ಸುಮ್ನೆ ಉಳಿದ ಪದ ಆಗಿಬಿಡುತ್ತದೆ. ಎರಡನೇ ಹಾಳೆಯಲ್ಲಿ ಪಟ್ಟಿ ತೆಗೆಯಿರಿ. ಮೂರನೆಯದರಲ್ಲಿ ಹೆಸರು ಕೊಟ್ಟು ಗೆರೆಯನ್ನು ಮಕ್ಕಳೇ ಎಳೆಯಲಿ. ಮ್ಯಾಂಟಲ್‌ನ ಗೆರೆಯನ್ನು ಗಡಿಯ ಮೇಲೆ ತಂದು ನಿಲ್ಲಿಸುವ ಮಗು ಯಾರು ಅನ್ನುವುದು ಇಲ್ಲೇ ಗೊತ್ತಾಗುತ್ತದೆ.

ಉತ್ತರ ತಿದ್ದುವಾಗ ಅಂಕ ಹಾಕುವ ಮೊದಲು ಹಾಳೆಗಳನ್ನು ಪಕ್ಕಪಕ್ಕ ಹರಡಿ ಒಂದೊಂದೇ ಸಂಖ್ಯೆಯನ್ನು ಅಡ್ಡಕ್ಕೆ ನೋಡಿಕೊಂಡು ಹೋಗಿ. ನಾಭಿ ಇರಬೇಕಾದಲ್ಲಿ ಅಧಿಕೇಂದ್ರ, ಅಧಿಕೇಂದ್ರ ಇರಬೇಕಾದಲ್ಲಿ ನಾಭಿ ಅಂತ ಅದಲುಬದಲು ಬಂದಿದ್ದರೆ ಅದು ಪಾಠ ಮತ್ತೆ ಮಾಡಬೇಕಾದ ತಪ್ಪು. ಚೆನ್ನಾಗಿ ಬರೆಯುವ ಮಕ್ಕಳೂ ಸೇರಿ ತರಗತಿಯ ಬಹುಪಾಲು ಜನ ಅದೇ ಜಾಗದಲ್ಲಿ ‘ಅಲೆಗಳು’ ಅಂತ ಬರೆದಿದ್ದರೆ ನಿಮ್ಮ ಗೆರೆಯ ತುದಿಗೆ ಒಂದು ಸ್ಕೇಲ್ ಇಟ್ಟು ನೋಡಿ. ಅದು ಚುಕ್ಕೆ ಮುಟ್ಟದಿದ್ದರೆ ಆ ಪ್ರಶ್ನೆಯನ್ನು ಲೆಕ್ಕದಿಂದ ಬಿಡಿ, ಮೂಲ ಹಾಳೆಯಲ್ಲಿ ಗೆರೆಯನ್ನು ಎರಡು ಮಿಲಿಮೀಟರ್ ಉದ್ದ ಮಾಡಿ, ಮುಂದಿನ ಪ್ರತಿಗಳನ್ನು ಅದರಿಂದ ತೆಗೆಯಿರಿ.