ಹಳೇ ಜಿಮ್ ಕೈಗೆ ಕ್ರಿಯಾಟಿನ್ ಯಾಕೆ ಅಷ್ಟಾಗಿ ಹತ್ತುವುದಿಲ್ಲ?

ಪ್ರಶ್ನೆ: ನಾನು ತುಮಕೂರಿನವನು, ಒಂಬತ್ತು ವರ್ಷದಿಂದ ವೇಟ್ಸ್ ಎತ್ತುತ್ತಿದ್ದೇನೆ. ನಾನೂ ಚಿಕ್ಕಪ್ಪನ ಮಗನೂ ಒಟ್ಟಿಗೆ ಕ್ರಿಯಾಟಿನ್ ಪುಡಿ ಶುರು ಮಾಡಿದೆವು. ಮೂರು ತಿಂಗಳಲ್ಲಿ ಅವನ ಬೆಂಚ್ ಪ್ರೆಸ್ 40 ಕೆಜಿಯಿಂದ 55ಕ್ಕೆ ಹೋಯಿತು. ನನ್ನದು 110ರಿಂದ 112.5 ಅಷ್ಟೇ. ನನ್ನ ಡಬ್ಬಿ ಡೂಪ್ಲಿಕೇಟಾ?

ಉತ್ತರ: ಡಬ್ಬಿಯ ಮೇಲೆ ಅನುಮಾನ ಪಡುವ ಮೊದಲು ತಮ್ಮನ 15 ಕೆಜಿಯನ್ನು ನೋಡೋಣ. ಅವನು ಹೊಸಬ ಅಲ್ವಾ? ಬಾರ್ ಹಿಡಿಯುವುದು, ಸರಿಯಾದ ದಾರಿಯಲ್ಲಿ ತಳ್ಳುವುದು ಇದನ್ನೆಲ್ಲ ಅವನ ನರಗಳು ಈಗ ಕಲಿಯುತ್ತಿವೆ. ಆ 15ರಲ್ಲಿ ದೊಡ್ಡ ಪಾಲು ಕ್ರಿಯಾಟಿನ್ ಇಲ್ಲದೆಯೂ ಬರುತ್ತಿತ್ತು. ಹೆಸರು ಮಾತ್ರ ಪುಡಿಗೆ ಬಂತು.

ಕ್ರಿಯಾಟಿನ್ ನೇರವಾಗಿ ಮಾಂಸಖಂಡ ಕಟ್ಟುವ ಸಾಮಾನಲ್ಲ. ಜೋರಾಗಿ ತಳ್ಳುವ ಮೊದಲ ಹತ್ತು ಸೆಕೆಂಡಿಗೆ ಬೇಕಾದ ಶಕ್ತಿಯನ್ನು ಅದು ಬೇಗ ಮರುತುಂಬಿಸುತ್ತದೆ. ನಿಮ್ಮ ಲೆಕ್ಕದಲ್ಲೇ ಹೇಳುವುದಾದರೆ, 90 ಕೆಜಿಯಲ್ಲಿ ನಾಲ್ಕು ಸೆಟ್‌ಗೆ 8, 7, 6, 5 ರೆಪ್ ಬರುತ್ತಿದ್ದದ್ದು 8, 7, 7, 6 ಆಗಬಹುದು. ಎರಡು ರೆಪ್ ಜಾಸ್ತಿ. ತಮ್ಮನಿಗೂ ಹೆಚ್ಚುಕಮ್ಮಿ ಅಷ್ಟೇ ಸಿಗಬಹುದು. ಆದರೆ ಹೊಸ ಮೈ ಆ ಎರಡು ರೆಪ್ಪಿಗೂ ಬೆಳೆಯುತ್ತದೆ. ಒಂಬತ್ತು ವರ್ಷ ದುಡಿದ ಮೈ ತನ್ನ ಮಿತಿಯ ಹತ್ತಿರ ಬಂದಿರುತ್ತದೆ, ಅಷ್ಟಕ್ಕೆಲ್ಲ ಸೊಪ್ಪು ಹಾಕುವುದಿಲ್ಲ. ಆ ಮಟ್ಟದಲ್ಲಿ 2.5 ಕೆಜಿ ಸಣ್ಣದೇನಲ್ಲ. ಆದರೆ ನಿದ್ದೆಗೆಟ್ಟ ಒಂದು ದಿನ ಅದನ್ನು ನುಂಗಿಬಿಡುತ್ತದೆ, ಹಾಗಾಗಿ ಕಣ್ಣಿಗೆ ಬೀಳುವುದು ಕಷ್ಟ.

ಇನ್ನೊಂದು ವಿಷಯ ಊಟದ್ದು. ಮಾಂಸಖಂಡ ಹಿಡಿಯುವ ಕ್ರಿಯಾಟಿನ್‌ಗೆ ಮಿತಿ ಇದೆ. ಮುಕ್ಕಾಲು ತುಂಬಿದ ಕೊಡಕ್ಕೆ ಎಷ್ಟು ಸುರಿದರೂ ಒಳಗೆ ಹೋಗುವುದು ಕಾಲು ಭಾಗವೇ, ಮಿಕ್ಕಿದ್ದು ಮೂತ್ರದಲ್ಲಿ ಹೋಗುತ್ತದೆ. ಹಸಿ ಮಾಂಸದಲ್ಲಿ ಕೆಜಿಗೆ ಸುಮಾರು 4–5 ಗ್ರಾಂ ಕ್ರಿಯಾಟಿನ್ ಇರುತ್ತದೆ. ಹಾಗಾಗಿ ದಿನಾ ಚಿಕನ್, ಮೀನು ತಿನ್ನುವವರಲ್ಲಿ ಖಾಲಿ ಜಾಗ ಕಮ್ಮಿ, ಮುದ್ದೆ–ಸೊಪ್ಪಿನ ಸಾರಿನಲ್ಲಿ ಬೆಳೆದ ಸಸ್ಯಾಹಾರಿಗಳಲ್ಲಿ ಜಾಸ್ತಿ. ಇದು ಅನುಭವದ ವರ್ಷಗಳಿಗೆ ಸಂಬಂಧಪಟ್ಟದ್ದಲ್ಲ, ಆದರೂ ಹಳಬರು ಮಾಂಸ ಜಾಸ್ತಿ ತಿನ್ನುವುದು, ಹಿಂದೆಯೇ ಪುಡಿ ತಗೊಂಡಿರುವುದು ಮಾಮೂಲಿ. ನೀವು ಪೂರಾ ಸಸ್ಯಾಹಾರಿಯಾಗಿದ್ದರೆ ಎಷ್ಟು ಹಳಬರಾದರೂ ಚೆನ್ನಾಗಿಯೇ ಹತ್ತಬಹುದು.

ಮೊದಲ ವಾರಗಳಲ್ಲಿ ಮೈತೂಕ ಒಂದೆರಡು ಕೆಜಿ ಏರಿದರೆ ಅದು ಬಹುಪಾಲು ನೀರು. ಅದನ್ನು ಮಾಂಸಖಂಡ ಅಂದುಕೊಳ್ಳಬೇಡಿ.

ನೋಡುವ ಜಾಗವನ್ನೂ ಬದಲಿಸಿ. ಒಂದೇ ಸಲ ಎತ್ತುವ ಗರಿಷ್ಠ ತೂಕ ಇಲ್ಲಿ ಒಳ್ಳೆಯ ಅಳತೆಯಲ್ಲ. ಸೆಟ್‌ಗಳ ನಡುವೆ ಐದು ನಿಮಿಷ ಕೂತರೆ ಶಕ್ತಿ ತಾನಾಗಿಯೇ ಬಹುತೇಕ ತುಂಬಿಕೊಂಡಿರುತ್ತದೆ, ಪುಡಿಗೆ ಹೆಚ್ಚು ಕೆಲಸ ಉಳಿಯುವುದಿಲ್ಲ. ಒಂದೂವರೆ ನಿಮಿಷದ ಬಿಡುವಿನಲ್ಲಿ, ಅದೇ ತೂಕಕ್ಕೆ, ಕೊನೆಯ ಎರಡು ಸೆಟ್‌ಗಳ ರೆಪ್ ಬರೆದಿಡಿ. ಆಮೇಲೆ ಆರು ವಾರ ಪುಡಿ ನಿಲ್ಲಿಸಿ. ತುಂಬಿದ್ದು ಖಾಲಿಯಾಗಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಆಗ ಕೊನೆಯ ಸೆಟ್‌ಗಳು ಕುಸಿದರೆ ಮತ್ತೆ ದಿನಕ್ಕೆ 3–5 ಗ್ರಾಂ ಶುರು ಮಾಡಿ. ಏನೂ ಬದಲಾಗದಿದ್ದರೆ ಆ ದುಡ್ಡಿಗೆ ಮೊಟ್ಟೆಯೋ ಪನೀರೋ ತನ್ನಿ.